ನಲವತ್ತು ಚೀಟಿ, ನಾನೂರು ಹುಣಸೆ ಬೀಜ: ಲಾಟರಿಯ ಸರಾಸರಿಯನ್ನು ತರಗತಿಯಲ್ಲಿ ತೋರಿಸುವ ಬಗೆ

ಪ್ರಶ್ನೆ: "ಮೇಡಂ, ನಾನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. 2024ರಲ್ಲಿ ನಮ್ಮ ಜಿಲ್ಲೆಯವರಿಗೇ ಕೇರಳದ 25 ಕೋಟಿ ಬಂಪರ್ ಹೊಡೆದಾಗಿನಿಂದ ಒಂಬತ್ತು, ಹತ್ತನೇ ತರಗತಿ ಹುಡುಗರಿಗೆ ಅದೇ ಧ್ಯಾನ. ಐವತ್ತು, ನೂರು ಅಂತ ಕೂಡಿಸಿ, ವಯನಾಡಿನ ಕಡೆ ತರಕಾರಿ ಲೋಡ್ ಒಯ್ಯುವ ಡ್ರೈವರ್ ಕೈಲಿ ಟಿಕೆಟ್ ತರಿಸುತ್ತಾರೆ. 'ಸರಾಸರಿ ನೋಡಿದರೆ ನಷ್ಟ ಕಣ್ರೋ' ಅಂದರೆ, 'ಅವರಿಗೆ ಬಂತಲ್ಲ ಸಾರ್' ಅಂತಾರೆ. 40 ಮಕ್ಕಳ ತರಗತಿ. ಸೂತ್ರ ಬರೆಯದೆ, ಒಂದು ಸರಳ ಉದಾಹರಣೆಯಲ್ಲಿ ಇದನ್ನು ಹೇಗೆ ತೋರಿಸಲಿ?"

ಉತ್ತರ:

ಮೇಷ್ಟ್ರೇ, ಆ ಹುಡುಗರು ಹೇಳುವುದು ನಿಜ. ಅವರಿಗೆ ಬಂತು. ಅದನ್ನು ಒಪ್ಪಿಕೊಂಡೇ ಶುರು ಮಾಡಿ. ಟಿಕೆಟ್ ಕೊಂಡವರಲ್ಲಿ ಯಾರಿಗೂ ಬರುವುದಿಲ್ಲ ಅನ್ನುವ ಧಾಟಿಯಲ್ಲಿ ನೀವು ಮಾತಾಡಿದರೆ, ಪೇಪರಿನಲ್ಲಿ ಬಂದ ಒಂದೇ ಒಂದು ಫೋಟೋ ನಿಮ್ಮ ಪಾಠವನ್ನೆಲ್ಲ ಸುಳ್ಳು ಮಾಡಿಬಿಡುತ್ತದೆ. ಯಾರಿಗೋ ಬಂದೇ ಬರುತ್ತದೆ ಎನ್ನುವುದೂ, ಟಿಕೆಟ್ಟಿನ ಸರಾಸರಿ ನಷ್ಟವೇ ಎನ್ನುವುದೂ ಒಟ್ಟೊಟ್ಟಿಗೆ ನಿಜ. ಮಕ್ಕಳಿಗೆ ಕಾಣಬೇಕಾದದ್ದು ಇವೆರಡೂ ಒಂದೇ ಡಬ್ಬಿಯಲ್ಲಿ ಹೇಗೆ ಕೂತಿವೆ ಎನ್ನುವುದು.

ಮೈಸೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ದಿನಗಳಲ್ಲಿ ನಾನೂ ಬೋರ್ಡಿನ ಮೇಲೆ ಸಂಭವನೀಯತೆಯನ್ನು ಬಹುಮಾನದಿಂದ ಗುಣಿಸಿ, ಕೂಡಿ ತೋರಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸುತ್ತಲೂ ಇದ್ದರು, ಆದರೆ ಅದು ತಮ್ಮ ಜೇಬಿಗೆ ಸಂಬಂಧಪಟ್ಟದ್ದು ಅಂತ ಒಬ್ಬರಿಗೂ ಅನಿಸುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ನಂಜನಗೂಡು, ಶ್ರೀರಂಗಪಟ್ಟಣದ ಕಡೆಯ ಪ್ರೌಢಶಾಲೆಗಳಿಗೆ ಹೋಗಿ ಮಾತಾಡಲು ಶುರು ಮಾಡಿದಾಗ ಬೋರ್ಡ್ ಬಿಟ್ಟು ಹುಣಸೆ ಬೀಜ ಹಿಡಿದೆ. ಚೌಕಾಬಾರ, ಅಳಗುಳಿ ಮಣೆ ಆಡಿದ ಮನೆಗಳಲ್ಲಿ ಬೀಜಕ್ಕೇನು ಬರವಿಲ್ಲ. ನಿಮ್ಮ ತರಗತಿಯಲ್ಲಿ 40 ಮಕ್ಕಳಿರುವುದು ಈ ಲೆಕ್ಕಕ್ಕೆ ಬಹಳ ಅನುಕೂಲ.

400 ಬೀಜ ತನ್ನಿ. ಒಬ್ಬೊಬ್ಬರಿಗೆ 10 ಕೊಡಿ. 1ರಿಂದ 40ರವರೆಗೆ ನಂಬರ್ ಬರೆದ ಚೀಟಿ ಮಾಡಿ ಒಂದು ಡಬ್ಬಿಗೆ ಹಾಕಿ, ಹಾಜರಿ ಸಂಖ್ಯೆಯೇ ಮಕ್ಕಳ ಟಿಕೆಟ್ ನಂಬರ್ ಆಗಲಿ. ಟಿಕೆಟ್ಟಿನ ಬೆಲೆ ಒಂದು ಬೀಜ. ಪ್ರತಿ ಸುತ್ತಿನಲ್ಲೂ ಎಲ್ಲರೂ ಒಂದೊಂದು ಬೀಜ ಕೊಡಬೇಕು, 40 ಬೀಜ ಸೇರುತ್ತದೆ. ಮೊದಲು ಎತ್ತಿದ ಚೀಟಿಗೆ 20 ಬೀಜ, ಅದು ಬಂಪರ್. ಆಮೇಲೆ ಎತ್ತಿದ ನಾಲ್ಕು ಚೀಟಿಗೆ ಒಂದೊಂದು ಬೀಜ, ಅಂದರೆ ಹಾಕಿದ ಕಾಸು ವಾಪಸ್. ಒಟ್ಟು ಹಂಚಿದ್ದು 24. ಉಳಿದ 16 ಬೀಜವನ್ನು ಮೇಜಿನ ಮೇಲಿನ ಗಾಜಿನ ಬಾಟಲಿಗೆ ಹಾಕಿ. ಅದು ಸರ್ಕಾರದ್ದು, ಏಜೆಂಟರದ್ದು, ಟಿಕೆಟ್ ಅಚ್ಚು ಹಾಕಿಸಿದವರದ್ದು. ಬಾಟಲಿ ಪಾರದರ್ಶಕವಾಗಿರಲಿ. ಸ್ಟೀಲ್ ಡಬ್ಬಿ ಇಟ್ಟರೆ ಒಳಗೆ ಏನು ತುಂಬುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ.

ಚೀಟಿಗಳನ್ನು ವಾಪಸ್ ಡಬ್ಬಿಗೆ ಹಾಕಿ, ಕುಲುಕಿ, ಮತ್ತೆ ಮುಂದಿನ ಸುತ್ತು. ಹೀಗೆ ಹತ್ತು ಸುತ್ತು. ಬಂದ ಬಹುಮಾನವನ್ನು ಬೇರೆ ಇಟ್ಟುಕೊಳ್ಳಲಿ, ಟಿಕೆಟ್ಟಿಗೆ ಕೊಡುವುದು ಮೊದಲು ಕೊಟ್ಟ ಹತ್ತು ಬೀಜದಿಂದ ಮಾತ್ರ. ಒಂದು ಸುತ್ತಿಗೆ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಗದ್ದಲ ಆಗುತ್ತದೆ, ಆಗಲಿ. ಪಕ್ಕದ ತರಗತಿಯ ಮೇಷ್ಟ್ರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಹತ್ತನೇ ಸುತ್ತು ಮುಗಿದಾಗ ಎಲ್ಲರೂ ಅಂಗೈ ತೆರೆದು ತೋರಿಸಲಿ. ನಿಮಗೆ ಕಾಣುವ ಚಿತ್ರ ಸುಮಾರಾಗಿ ಹೀಗಿರುತ್ತದೆ. ಹತ್ತು ಹನ್ನೊಂದು ಮಕ್ಕಳ ಕೈ ಪೂರ್ತಿ ಖಾಲಿ. ಇಪ್ಪತ್ತರ ಆಸುಪಾಸು ಮಕ್ಕಳ ಕೈಯಲ್ಲಿ ಒಂದು, ಎರಡು, ಅಪರೂಪಕ್ಕೆ ಮೂರು ಬೀಜ. ಎಂಟೊಂಬತ್ತು ಮಕ್ಕಳ ಕೈಯಲ್ಲಿ ಇಪ್ಪತ್ತೋ, ಅದಕ್ಕಿಂತ ಹೆಚ್ಚೋ. ಅದೃಷ್ಟವಿದ್ದ ಒಬ್ಬರಿಗೆ ಬಂಪರ್ ಎರಡು ಸಲ ಬಂದು ನಲವತ್ತಾಗಿರಬಹುದು. ಮಕ್ಕಳ ಹತ್ತಿರ ಇರುವುದನ್ನೆಲ್ಲ ಕೂಡಿ, ಬಾಟಲಿಯಲ್ಲಿರುವುದನ್ನು ಎಣಿಸಿ. ಯಾರಿಗೆ ಎಷ್ಟು ಬಂತು ಅನ್ನುವುದು ಪ್ರತಿ ತರಗತಿಯಲ್ಲೂ ಬದಲಾಗುತ್ತದೆ. ಆದರೆ ಮಕ್ಕಳ ಒಟ್ಟು 240, ಬಾಟಲಿಯ ಒಟ್ಟು 160. ಇದು ಯಾವ ಊರಿನ ಯಾವ ತರಗತಿಯಲ್ಲಿ ಆಡಿದರೂ ಒಂದು ಬೀಜ ಆಚೀಚೆ ಆಗುವುದಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅದೃಷ್ಟ ಕೆಲಸ ಮಾಡಿದ್ದು 240 ಬೀಜ ಯಾರ ಕೈಗೆ ಹೋಗಬೇಕು ಅನ್ನುವುದರಲ್ಲಿ ಮಾತ್ರ. ಬಾಟಲಿಗೆ 160 ಹೋಗುವುದು ಆಟದ ನಿಯಮ ಬರೆದಾಗಲೇ ತೀರ್ಮಾನವಾಗಿತ್ತು, ಅಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಸರಾಸರಿ ಅಂದರೆ ಇಷ್ಟೇ: 400 ಕೊಟ್ಟು 240 ವಾಪಸ್ ಪಡೆದರು, ಒಂದು ಬೀಜದ ಟಿಕೆಟ್ಟಿಗೆ 0.6 ಬೀಜ. ರೂಪಾಯಿಯಲ್ಲಿ ಹೇಳಿದರೆ ಹತ್ತು ರೂಪಾಯಿ ಟಿಕೆಟ್ಟಿಗೆ ಆರು ರೂಪಾಯಿ.

ಈ ಹಂತದಲ್ಲಿ ಕೆಲವು ಮಕ್ಕಳಿಗೆ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಸರಾಸರಿ ಆರು ರೂಪಾಯಿ ಅಂದರೆ ಪ್ರತಿಯೊಬ್ಬರಿಗೂ ಆರು ರೂಪಾಯಿ ಬರುತ್ತದೆ ಅಂದುಕೊಳ್ಳುತ್ತಾರೆ. ಯಾರ ಕೈಯಲ್ಲೂ 0.6 ಬೀಜ ಇಲ್ಲ, ನೋಡಿ ಅನ್ನಿ. ಹತ್ತು ಸುತ್ತಿನ ಸರಾಸರಿ ತಲೆಗೆ ಆರು ಬೀಜ, ಆದರೆ ಸರಿಯಾಗಿ ಆರು ಇರುವವರು ತರಗತಿಯಲ್ಲಿ ಸಿಕ್ಕುವುದೇ ಕಷ್ಟ. ಬಹುಪಾಲು ಮಕ್ಕಳದು ಸೊನ್ನೆ, ಒಂದು, ಎರಡು. ಕೆಲವರ ಇಪ್ಪತ್ತು ಸೇರಿಕೊಂಡು ಸರಾಸರಿಯನ್ನು ಆರಕ್ಕೆ ಎತ್ತಿದೆ. ಮಧ್ಯಾಂಕ ಪಾಠ ಮಾಡಿದ್ದೀರಲ್ಲ, ಅದನ್ನು ಕಂಡುಹಿಡಿಯಲು ಇದಕ್ಕಿಂತ ಒಳ್ಳೆಯ ದತ್ತಾಂಶ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ. ಬೀಜದ ಎಣಿಕೆಯ ಪ್ರಕಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಡುವೆ ನಿಂತ ಇಬ್ಬರ ಕೈ ನೋಡಿ. ಹೆಚ್ಚಿನ ಸಲ ಒಂದೇ ಬೀಜ ಇರುತ್ತದೆ.

ಈಗ ನಿಮ್ಮ ಹುಡುಗರ ಮಾತಿಗೆ ಬರೋಣ. ಹತ್ತು ಸುತ್ತು ಆದ ಮೇಲೂ ಎಂಟೊಂಬತ್ತು ಮಂದಿ ಲಾಭದಲ್ಲಿದ್ದಾರೆ. ಅವರು ಕೇಳಿಯೇ ಕೇಳುತ್ತಾರೆ, "ಮೇಡಂ, ನನಗೆ ಲಾಭ ಬಂತಲ್ಲ, ನಷ್ಟ ಎಲ್ಲಿ?" ಶ್ರೀರಂಗಪಟ್ಟಣದ ಹತ್ತಿರದ ಒಂದು ಶಾಲೆಯಲ್ಲಿ ಒಬ್ಬ ಹುಡುಗ ನಲವತ್ತು ಬೀಜ ಹಿಡಿದುಕೊಂಡು ಎದ್ದು ನಿಂತು ಹೀಗೇ ಕೇಳಿದ. ಅವನಿಗೆ ನಾನು ವಾದ ಹೇಳಲಿಲ್ಲ. "ಹಾಗಾದರೆ ಈ ಸುತ್ತಿನ ನಲವತ್ತು ಟಿಕೆಟ್ಟನ್ನೂ ನೀನೇ ಕೊಂಡುಕೋ. ಬಂಪರ್ ನಿನಗೇ ಗ್ಯಾರಂಟಿ. ಚಿಕ್ಕ ಬಹುಮಾನ ನಾಲ್ಕೂ ನಿನಗೇ" ಅಂದೆ. ಅವನು ಖುಷಿಯಾಗಿ ನಲವತ್ತು ಬೀಜ ಮೇಜಿನ ಮೇಲೆ ಇಟ್ಟ. ಚೀಟಿ ಎತ್ತಿದೆವು. ಬಂಪರ್ ಅವನಿಗೇ. 20 ಕೊಟ್ಟೆ, ಆಮೇಲೆ 4 ಕೊಟ್ಟೆ. ಅವನು ಕೈಯಲ್ಲಿದ್ದ 24 ಬೀಜ ನೋಡಿದ, ಬಾಟಲಿ ನೋಡಿದ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, "ಎಲ್ಲ ಬಹುಮಾನ ಅವನಿಗೇ ಬಂದ್ರೂ ಹದಿನಾರು ಹೋಯ್ತಲ್ಲ ಮೇಡಂ" ಅಂದಳು. ನಾನು ಹೇಳಬೇಕಾಗಿದ್ದ ಮಾತು ಅದೇ.

ಮೇಷ್ಟ್ರೇ, ಇಡೀ ಪಾಠದಲ್ಲಿ ಒಂದೇ ಒಂದು ವಿಷಯಕ್ಕೆ ಸಮಯ ಇದೆ ಅಂದರೆ ಇದನ್ನೇ ಮಾಡಿ. ಎಲ್ಲ ಟಿಕೆಟ್ಟನ್ನೂ ಒಬ್ಬನೇ ಕೊಂಡರೆ ಅದೃಷ್ಟದ ಪ್ರಶ್ನೆಯೇ ಏಳುವುದಿಲ್ಲ, ಅವನು ಸೋಲುವ ಹಾಗೇ ಇಲ್ಲ, ಆದರೂ ನೂರಕ್ಕೆ ನಲವತ್ತು ಕಳೆದುಕೊಳ್ಳುತ್ತಾನೆ. ಒಂದೇ ಟಿಕೆಟ್ ಕೊಂಡವನು ಆ ನಷ್ಟದ ನಲವತ್ತರಲ್ಲೊಂದು ಪಾಲನ್ನು ಕೊಂಡಿದ್ದಾನೆ. "ಜಾಸ್ತಿ ಟಿಕೆಟ್ ತಗೊಂಡ್ರೆ ಚಾನ್ಸ್ ಜಾಸ್ತಿ" ಅನ್ನುವ ಮಾತು ಸುಳ್ಳಲ್ಲ, ಚಾನ್ಸ್ ಹೆಚ್ಚುತ್ತದೆ. ಅದರ ಜೊತೆಗೆ ನಷ್ಟದ ಪಾಲೂ ಅಷ್ಟೇ ಹೆಚ್ಚುತ್ತದೆ ಅನ್ನುವುದು ಈ ಆಟದಲ್ಲಿ ಕಣ್ಣಿಗೆ ಕಾಣುತ್ತದೆ.

ತರಗತಿಯಲ್ಲಿ ನಲವತ್ತರಲ್ಲಿ ಒಂಬತ್ತು ಮಂದಿ ಗೆದ್ದದ್ದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಇದನ್ನು ಹಾಗೇ ಬಿಟ್ಟು ಬಂದರೆ ಲಾಟರಿಯಲ್ಲಿ ಐದರಲ್ಲಿ ಒಬ್ಬ ಗೆಲ್ಲುತ್ತಾನೆ ಅಂತ ಅವರು ಕಲಿತುಕೊಂಡು ಹೋದಂತಾಗುತ್ತದೆ, ಮೊದಲಿಗಿಂತ ಕೆಟ್ಟ ಪರಿಣಾಮ. ನಾನೇ ಮೊದಮೊದಲು ಈ ತಪ್ಪು ಮಾಡಿದ್ದೇನೆ. ಅದಕ್ಕೆ ಎರಡನೇ ಹೆಜ್ಜೆ ಬೇಕು. ಅದನ್ನು ಆಡಬೇಕಿಲ್ಲ, ಬಾಯಲ್ಲಿ ಹೇಳಿದರೆ ಸಾಕು. "ನಿಮ್ಮ ಒಂದು ತರಗತಿ ಬದಲು ಇಡೀ ಶಾಲೆ, 400 ಮಕ್ಕಳು ಆಡಲಿ. 400 ಬೀಜ ಸೇರಿತು. ಬಹುಮಾನಕ್ಕೆ 240. ಅದನ್ನೆಲ್ಲ ಒಬ್ಬರಿಗೇ ಕೊಡೋಣ, ಬಂಪರ್ 240 ಬೀಜ. ಈಗ ಯಾವ ಆಟ ಆಡುತ್ತೀರಿ, ಇಪ್ಪತ್ತು ಬೀಜದ್ದೋ, ಇನ್ನೂರ ನಲವತ್ತರದ್ದೋ?" ನಾನು ಕೇಳಿದ ಎಲ್ಲ ತರಗತಿಗಳಲ್ಲೂ ಹೆಚ್ಚಿನ ಕೈ ಎದ್ದದ್ದು 240ಕ್ಕೆ. ಈಗ ಲೆಕ್ಕ ಹಾಕಿಸಿ. ಸರಾಸರಿ ಅದೇ 0.6. ಆದರೆ ಹತ್ತು ಸುತ್ತು ಆಡಿದರೆ ಲಾಭದಲ್ಲಿ ಉಳಿಯುವವರು 400ರಲ್ಲಿ ಹೆಚ್ಚೆಂದರೆ 10 ಜನ. ಮೊದಲು ನಲವತ್ತರಲ್ಲಿ ಒಂಬತ್ತು ಇದ್ದದ್ದು ಈಗ ನಲವತ್ತರಲ್ಲಿ ಒಂದಾಯಿತು. ಆಟ ದೊಡ್ಡದಾದಷ್ಟೂ ಬಂಪರ್ ದೊಡ್ಡದಾಗುತ್ತದೆ, ಆಸೆ ದೊಡ್ಡದಾಗುತ್ತದೆ, ಗೆಲ್ಲುವವರ ಪಾಲು ಕುಗ್ಗುತ್ತದೆ, ಬಾಟಲಿಯ ಪಾಲು ಮಾತ್ರ ಹಾಗೇ ಇರುತ್ತದೆ. ಲಾಟರಿ ಇಲಾಖೆಗಳು ಹಬ್ಬಕ್ಕೊಂದು ಬಂಪರ್ ಮಾಡುವುದರ ಹಿಂದಿನ ಗಣಿತ ಇದೇ.

ಈಗ ನಿಜವಾದ ಟಿಕೆಟ್ಟಿಗೆ ಬನ್ನಿ. ನಿಮ್ಮ ಹುಡುಗರು ಹೇಳುತ್ತಿರುವುದು ಕೇರಳದ 2024ರ ತಿರುವೋಣಂ ಬಂಪರ್. ಆ ವರ್ಷ ಅಕ್ಟೋಬರ್ 9ರಂದು ಡ್ರಾ ಆಯಿತು. ಟಿಕೆಟ್ ಬೆಲೆ 500 ರೂಪಾಯಿ. ಮಾರಾಟವಾದದ್ದು 71 ಲಕ್ಷದ ಆಸುಪಾಸು. ಮೊದಲ ಬಹುಮಾನ 25 ಕೋಟಿ ಒಬ್ಬರಿಗೆ, ಎರಡನೆಯದು ತಲಾ 1 ಕೋಟಿಯಂತೆ 20 ಜನಕ್ಕೆ, ಮೂರನೆಯದು ತಲಾ 50 ಲಕ್ಷದಂತೆ 20 ಜನಕ್ಕೆ. ಕೆಳಗೆ ಐದು ಸಾವಿರ, ಎರಡು ಸಾವಿರ, ಸಾವಿರ, ಐನೂರರ ಬಹುಮಾನಗಳು.

ಮಕ್ಕಳಿಂದ ಒಂದೇ ಭಾಗಾಕಾರ ಮಾಡಿಸಿ. 25 ಕೋಟಿಯನ್ನು 71 ಲಕ್ಷ ಟಿಕೆಟ್ಟಿಗೆ ಸಮನಾಗಿ ಹಂಚಿದರೆ ಒಂದು ಟಿಕೆಟ್ಟಿಗೆ ಎಷ್ಟು? 35 ರೂಪಾಯಿ. ಅಂದರೆ ಹುಡುಗರು ಕೊಟ್ಟ 500 ರೂಪಾಯಿಯಲ್ಲಿ ಆ 25 ಕೋಟಿಯ ಕನಸಿನ ನಿಜವಾದ ಬೆಲೆ 35 ರೂಪಾಯಿ. ಎರಡನೇ ಬಹುಮಾನದ 20 ಕೋಟಿಗೆ 28 ರೂಪಾಯಿ, ಮೂರನೆಯದರ 10 ಕೋಟಿಗೆ 14. ದೊಡ್ಡ ಬಹುಮಾನ ಮೂರೂ ಸೇರಿ 77 ರೂಪಾಯಿ. ಅದೇ ಟಿಕೆಟ್ಟಿನೊಳಗೆ ಆಗ ಇದ್ದ ಜಿಎಸ್‌ಟಿ ಶೇಕಡ 28, ಅಂದರೆ 500ರಲ್ಲಿ 109 ರೂಪಾಯಿ. 25 ಕೋಟಿಯ ಪಾಲಿಗಿಂತ ತೆರಿಗೆಯ ಪಾಲು ಮೂರು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಜಿಎಸ್‌ಟಿ ಶೇಕಡ 40 ಆಗಿದೆ, ಈಗ 500 ರೂಪಾಯಿ ಟಿಕೆಟ್ಟಿನಲ್ಲಿ 142 ರೂಪಾಯಿಗೂ ಹೆಚ್ಚು ಅದಕ್ಕೇ ಹೋಗುತ್ತದೆ. ಚಿಕ್ಕ ಬಹುಮಾನಗಳ ಲೆಕ್ಕವನ್ನು ಮಕ್ಕಳಿಗೇ ಮನೆಗೆಲಸ ಕೊಡಿ. ಯಾವ ಬಹುಮಾನ ಎಷ್ಟು ಜನಕ್ಕೆ ಅನ್ನುವುದನ್ನು ಡ್ರಾಗೆ ಮುಂಚೆಯೇ ಪ್ರಕಟಿಸಿರುತ್ತಾರೆ, ಯಾವುದನ್ನೂ ಮುಚ್ಚಿಟ್ಟಿರುವುದಿಲ್ಲ. ಆ ಸಾಲುಗಳನ್ನೆಲ್ಲ ಕೂಡಿದರೂ ಮೊತ್ತ 500ರ ಹತ್ತಿರ ಬರುವುದಿಲ್ಲ ಅನ್ನುವುದನ್ನು ಅವರೇ ಕಂಡುಕೊಳ್ಳಲಿ.

ಗೆದ್ದವರಿಗೆ ಪೂರ್ತಿ 25 ಕೋಟಿ ಬರುತ್ತದೆ ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ಕೇರಳದಲ್ಲಿ ಬಹುಮಾನದ ಮೊತ್ತದಿಂದ ಟಿಕೆಟ್ ಮಾರಿದ ಏಜೆಂಟರಿಗೆ ಶೇಕಡ 10 ಹೋಗುತ್ತದೆ. ಉಳಿದ 22.5 ಕೋಟಿಯ ಮೇಲೆ ಶೇಕಡ 30 ಆದಾಯ ತೆರಿಗೆ, ಅದರ ಮೇಲೆ ಸರ್ಚಾರ್ಜ್, ಸೆಸ್. ಕೊನೆಗೆ ಕೈಗೆ ಬರುವುದು ಹೆಚ್ಚುಕಡಿಮೆ ಅರ್ಧ. ಹಾಗೆ ನೋಡಿದರೆ ಆ 35 ರೂಪಾಯಿಯೂ 18ಕ್ಕೆ ಇಳಿಯುತ್ತದೆ. ಇದಕ್ಕೆ ಮುಂಚೆ ಸೋತ ಟಿಕೆಟ್ಟುಗಳಿಗೆ ಇಷ್ಟು ಖರ್ಚಾಗಿದೆ, ಅದನ್ನು ಕಳೆಯಿರಿ ಅಂದರೆ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

71 ಲಕ್ಷ ಅನ್ನುವ ಸಂಖ್ಯೆ ಹದಿನೈದು ವರ್ಷದ ಹುಡುಗನಿಗೆ ಬರೀ ಅಂಕಿ. ನಿಮ್ಮದು ಭತ್ತ ಬೆಳೆಯುವ ಸೀಮೆ, ಅಲ್ಲಿಯದೇ ಅಳತೆ ಬಳಸಿ. ವಿಜ್ಞಾನದ ಲ್ಯಾಬಿನ ತಕ್ಕಡಿಯಲ್ಲಿ ಸಾವಿರ ಭತ್ತದ ಕಾಳು ಎಣಿಸಿ ತೂಗಿಸಿ. ತಳಿ ನೋಡಿಕೊಂಡು 20ರಿಂದ 25 ಗ್ರಾಂ ಬರುತ್ತದೆ. 71 ಲಕ್ಷ ಕಾಳು ಅಂದರೆ ಸುಮಾರು 140ರಿಂದ 180 ಕಿಲೋ, ಎರಡು ಮೂಟೆಯಷ್ಟು. ಆ ಎರಡು ಮೂಟೆಯನ್ನು ಕಣದಲ್ಲಿ ಸುರಿದು, ಒಂದೇ ಒಂದು ಕಾಳಿಗೆ ಕೆಂಪು ಬಣ್ಣ ಹಚ್ಚಿ, ಕಲಸಿ, ಕಣ್ಣು ಕಟ್ಟಿಕೊಂಡು ಒಂದು ಕಾಳು ಎತ್ತಬೇಕು. ಆಯಿತು, ಒಂದೇ ಸಲ ಬೇಡ, ವಾರಕ್ಕೊಂದರಂತೆ ಐವತ್ತು ವರ್ಷ ಎತ್ತಲಿ. 2,600 ಕಾಳು ಆಯಿತು, ತೂಗಿದರೆ 65 ಗ್ರಾಂ ದಾಟುವುದಿಲ್ಲ. ಬೊಗಸೆ ಕೂಡ ತುಂಬುವುದಿಲ್ಲ. ನಾನು ಈ ಮಾತು ಹೇಳುವಾಗ ಗದ್ದೆ ಕೆಲಸ ಬಲ್ಲ ಮಕ್ಕಳ ಮುಖ ನೋಡುತ್ತೇನೆ. ಅವರಿಗೆ ಎರಡು ಮೂಟೆ ಅಂದರೇನು, ಬೊಗಸೆ ಅಂದರೇನು ಅಂತ ಕೈಗೇ ಗೊತ್ತು.

ಮಕ್ಕಳು ನಂಬಿಕೊಂಡಿರುವ ಇನ್ನೆರಡು ಮಾತು ಖಂಡಿತ ಬರುತ್ತವೆ. ಒಂದು, "ಒಂದೇ ನಂಬರಿನಲ್ಲಿ ತಪ್ಪಿತು ಸಾರ್, ಮುಂದಿನ ಸಲ ಬರತ್ತೆ." ಆರು ಅಂಕಿಯ ನಂಬರಿನಲ್ಲಿ ಬಹುಮಾನದ ಟಿಕೆಟ್ಟಿಗಿಂತ ಒಂದೇ ಒಂದು ಅಂಕಿ ಬೇರೆ ಇರುವ ನಂಬರುಗಳು ಅದೇ ಸರಣಿಯಲ್ಲಿ ಐವತ್ತಕ್ಕೂ ಹೆಚ್ಚು ಇರುತ್ತವೆ. ಆರು ಸ್ಥಾನ, ಪ್ರತಿ ಸ್ಥಾನದಲ್ಲೂ ಎಂಟೊಂಬತ್ತು ಬೇರೆ ಅಂಕಿ, ಮಕ್ಕಳೇ ಲೆಕ್ಕ ಹಾಕಬಲ್ಲರು. ಸರಣಿಗಳೂ ಹಲವು. ಹಾಗಾಗಿ ಪ್ರತಿ ಡ್ರಾದಲ್ಲೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ ಅಂದುಕೊಳ್ಳುವವರು ನೂರಾರು ಜನ ಹುಟ್ಟುತ್ತಾರೆ. ನಿಮ್ಮ ಡಬ್ಬಿಯಲ್ಲಿ 17 ಬಂದಾಗ 18ರ ಹುಡುಗ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಆಗಲೇ ಕೇಳಿ, "ಡಬ್ಬಿಯೊಳಗೆ 17ರ ಚೀಟಿ ಪಕ್ಕದಲ್ಲೇ 18 ಕೂತಿತ್ತೇನೋ?" ಎರಡನೆಯದು, "ಬತ್ತೇರಿಯ ಆ ಅಂಗಡಿ ಲಕ್ಕಿ." ಹೆಚ್ಚು ಟಿಕೆಟ್ ಮಾರುವ ಅಂಗಡಿಯಲ್ಲಿ ಹೆಚ್ಚು ಬಹುಮಾನ ಬರುತ್ತದೆ, ಸೋತ ಟಿಕೆಟ್ಟೂ ಅಲ್ಲೇ ಹೆಚ್ಚು ಮಾರಾಟವಾಗಿರುತ್ತದೆ. ಬಹುಮಾನ ಬಂತು ಅಂತ ಬ್ಯಾನರ್ ಕಟ್ಟಿದ ಮೇಲೆ ಇನ್ನೂ ಹೆಚ್ಚು ಜನ ಬರುತ್ತಾರೆ, ಇನ್ನೂ ಹೆಚ್ಚು ಬಹುಮಾನ ಬರುತ್ತದೆ. ಒಂದು ಟಿಕೆಟ್ಟಿನ ಸರಾಸರಿ ಕದಲುವುದಿಲ್ಲ.

ಚುರುಕಾದ ತರಗತಿಯಲ್ಲಿ ಯಾರಾದರೂ ಮನೆಯ ಚೀಟಿ ವ್ಯವಹಾರವನ್ನೂ, ಬೈಕಿನ ಇನ್ಶೂರೆನ್ಸನ್ನೂ ಎತ್ತುತ್ತಾರೆ. "ಅಮ್ಮ ಚೀಟಿ ಹಾಕ್ತಾರೆ, ಅದೂ ಲಾಟರೀನಾ?" ಅಲ್ಲ. ಚೀಟಿಯಲ್ಲಿ ಹಾಕಿದ ಎಲ್ಲರಿಗೂ ಒಂದಲ್ಲ ಒಂದು ತಿಂಗಳು ಮೊತ್ತ ಬರುತ್ತದೆ, ಯಾರಿಗೆ ಯಾವಾಗ ಅನ್ನುವುದಷ್ಟೇ ಬದಲಾಗುತ್ತದೆ. ನಡೆಸುವವರು ಪ್ರಾಮಾಣಿಕರೇ ಅನ್ನುವುದು ಅಲ್ಲಿಯ ಅಪಾಯ. ಇನ್ಶೂರೆನ್ಸ್ ಪ್ರಶ್ನೆ ಇದಕ್ಕಿಂತ ಆಳದ್ದು. ಸರಾಸರಿ ನೋಡಿದರೆ ಅದರಲ್ಲೂ ಕಟ್ಟಿದ್ದಕ್ಕಿಂತ ಕಡಿಮೆ ವಾಪಸ್ ಬರುತ್ತದೆ, ಕಂಪನಿಗೂ ಒಂದು ಬಾಟಲಿ ಇದೆ. ಮಕ್ಕಳಿಗೆ ಇದನ್ನು ಮುಚ್ಚಿಡಬೇಡಿ. ಆದರೆ ಅಲ್ಲಿ ನಾವು ಬೆಲೆ ಕೊಡುವುದು ತಡೆದುಕೊಳ್ಳಲಾಗದ ಒಂದು ಏಟನ್ನು ತಪ್ಪಿಸಿಕೊಳ್ಳಲು. ಅಪಘಾತವಾಗಿ ನಾಲ್ಕು ಲಕ್ಷ ಕಟ್ಟಬೇಕಾದ ಮನೆ ಹೊಲ ಮಾರಬೇಕಾಗುತ್ತದೆ. ಲಾಟರಿ ಟಿಕೆಟ್ ಕೊಳ್ಳದಿದ್ದರೆ ಯಾವ ಮನೆಯೂ ಏನನ್ನೂ ಮಾರಬೇಕಾಗಿಲ್ಲ. ಒಂದೇ ಸರಾಸರಿ ಲೆಕ್ಕ ಎರಡು ಕಡೆ ಎರಡು ತೀರ್ಮಾನ ಕೊಡುವುದು ಹತ್ತನೇ ತರಗತಿಯವರಿಗೆ ಅರ್ಥವಾಗುತ್ತದೆ, ಒಂಬತ್ತರವರಿಗೆ ಹೇಳಬೇಕೇ ಎಂಬುದನ್ನು ನೀವು ನೋಡಿಕೊಳ್ಳಿ.

ಆ ಡ್ರೈವರ್ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಸರಾಸರಿಗಿಂತ ದೊಡ್ಡ ತೂತು ಇದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧ. ಬೇರೆ ರಾಜ್ಯದ ಲಾಟರಿಯನ್ನು ತನ್ನೊಳಗೆ ನಿಷೇಧಿಸುವ ಅಧಿಕಾರ ರಾಜ್ಯಕ್ಕೆ 1998ರ ಕೇಂದ್ರ ಕಾಯಿದೆಯಿಂದಲೇ ಬಂದಿದೆ. ಕೇರಳ ತನ್ನ ಟಿಕೆಟ್ಟನ್ನು ಕಾಗದದಲ್ಲಿ ಮಾತ್ರ, ಕೇರಳದೊಳಗೆ ಮಾತ್ರ ಮಾರುತ್ತದೆ, ಆನ್‌ಲೈನ್ ಮಾರಾಟ ಇಲ್ಲ. ಹಾಗಾಗಿ ವಾಟ್ಸ್ಯಾಪಿನಲ್ಲಿ "ಕೇರಳ ಲಾಟರಿ, ಗೂಗಲ್ ಪೇ ಮಾಡಿ" ಅಂತ ಬರುವುದೆಲ್ಲ ಮೋಸ. ಅದರ ಸರಾಸರಿ 0.6 ಅಲ್ಲ, ಸೊನ್ನೆ. ಡ್ರೈವರ್ ಒಳ್ಳೆಯವನೇ ಇರಬಹುದು, ಆದರೂ ಹುಡುಗರ ಕೈಗೆ ಬರುವುದು ಬರೀ ಟಿಕೆಟ್ಟಿನ ಫೋಟೋ ಆಗಿರಬಹುದು. ಒಂದೇ ಫೋಟೋವನ್ನು ಐದು ಗುಂಪಿಗೆ ಕಳಿಸಬಹುದು, ಐದು ಗುಂಪಿನಿಂದಲೂ ದುಡ್ಡು ತೆಗೆದುಕೊಳ್ಳಬಹುದು. ಬಹುಪಾಲು ಸಲ ಟಿಕೆಟ್ ಸೋಲುವುದರಿಂದ ಇದು ಯಾವತ್ತೂ ಹೊರಗೆ ಬರುವುದಿಲ್ಲ. ಅಕಸ್ಮಾತ್ ಬಹುಮಾನ ಬಂದರೆ, ದುಡ್ಡು ಟಿಕೆಟ್ಟಿನ ಅಸಲು ಪ್ರತಿ ಒಪ್ಪಿಸಿದವರಿಗೆ. ಅದರ ಹಿಂದೆ ಹೆಸರು, ಸಹಿ ಮಾಡಿದವರು ಯಾರು ಅಂತ ಹುಡುಗರನ್ನು ಕೇಳಿ ನೋಡಿ.

ನಿಮ್ಮ ಮುಂದೆ ಎರಡು ದಾರಿ ಇವೆ. ಬೋರ್ಡಿನ ಮೇಲೆ ಬಂಪರಿನ ಭಾಗಾಕಾರ ಮಾಡಿಸಿ ಒಂದೇ ಪೀರಿಯಡ್ಡಿನಲ್ಲಿ ಮುಗಿಸಬಹುದು. ಸಮಯ ಉಳಿಯುತ್ತದೆ, ಆದರೆ ಗಣಿತದಲ್ಲಿ ಚುರುಕಿಲ್ಲದ ಮಕ್ಕಳು, ಹೆಚ್ಚಾಗಿ ಟಿಕೆಟ್ ತರಿಸುವವರೂ ಅವರೇ ಇರಬಹುದು, ಹಿಂದೆ ಉಳಿದುಬಿಡುತ್ತಾರೆ. ಬೀಜದ ಆಟಕ್ಕೆ ಎರಡು ಪೀರಿಯಡ್ ಬೇಕು, ಮೊದಲನೆಯದು ಆಟಕ್ಕೆ, ಎರಡನೆಯದು ಲೆಕ್ಕಕ್ಕೆ. ಅಪಾಯ ಏನೆಂದರೆ ಕೆಲವು ಮಕ್ಕಳಿಗೆ ಆಟವೇ ರುಚಿಸಿಬಿಡುತ್ತದೆ. ಅದಕ್ಕೇ ನಾನು ದುಡ್ಡು ಮುಟ್ಟುವುದಿಲ್ಲ, ಗೆದ್ದವರಿಗೆ ಚಾಕಲೇಟ್ ಕೂಡ ಕೊಡುವುದಿಲ್ಲ, ಎಲ್ಲ ಟಿಕೆಟ್ ಕೊಂಡು ಸೋಲುವ ಸುತ್ತು ಆಡದೆ ಗಂಟೆ ಹೊಡೆಯಲು ಬಿಡುವುದಿಲ್ಲ. ಸಮಯ ಕಡಿಮೆ ಇದ್ದರೆ ಹತ್ತು ಸುತ್ತಿನ ಬದಲು ಐದು ಮಾಡಿ, ಆ ಸುತ್ತನ್ನು ಮಾತ್ರ ಬಿಡಬೇಡಿ. ಐದು ಸುತ್ತಾದರೆ ಬಾಟಲಿಯಲ್ಲಿ 80 ಇರುತ್ತದೆ.

ಟಿಕೆಟ್ ಕೊಂಡ ಮನೆಗಳ ಬಗ್ಗೆ ತರಗತಿಯಲ್ಲಿ ಕೇಳಬೇಡಿ. ಒಂದು ಶಾಲೆಯಲ್ಲಿ "ಯಾರ ಮನೆಯಲ್ಲಿ ಲಾಟರಿ ತರ್ತಾರೆ, ಕೈ ಎತ್ತಿ" ಅಂದೆ. ಒಬ್ಬಳು ಹುಡುಗಿ ಕೈ ಎತ್ತಿದಳು, ಉಳಿದವರು ನಕ್ಕರು, ಆ ಪೀರಿಯಡ್ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಆಮೇಲೆ ಸ್ಟಾಫ್ ರೂಮಿನ ಹೊರಗೆ ನಿಂತುಕೊಂಡು, ತನ್ನ ತಂದೆ ತಿಂಗಳಿಗೆ ಎರಡು ಸಾವಿರದಷ್ಟು ಟಿಕೆಟ್ಟಿಗೆ ಹಾಕುತ್ತಾರೆ, ಮನೆಯಲ್ಲಿ ಹೇಗೆ ಹೇಳುವುದು ಅಂತ ಕೇಳಿದಳು. ನಾನು ಅವಳಿಗೆ ಹೇಳಿದ್ದು ಒಂದೇ: ಅಪ್ಪನ ಜೊತೆ ವಾದ ಮಾಡಬೇಡ, ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಹಾಕಿದ್ದು, ಬಲಗಡೆ ಬಂದದ್ದು ಅಂತ ಬರೆದಿಡೋಕೆ ಅವರನ್ನೇ ಒಪ್ಪಿಸು, ಆರು ತಿಂಗಳು ಬರೆಯಲಿ. ಬಂದ ಐನೂರು, ಸಾವಿರ ಎಲ್ಲರಿಗೂ ನೆನಪಿರುತ್ತದೆ. ಹೋದದ್ದು ಸಣ್ಣಸಣ್ಣದಾಗಿ ಹೋಗಿರುವುದರಿಂದ ನೆನಪಿರುವುದಿಲ್ಲ. ನಿಮ್ಮ ಹುಡುಗರ ಗುಂಪಿಗೂ ಈ ನೋಟ್‌ಬುಕ್ ಆಗುತ್ತದೆ. ಇಲ್ಲಿಯವರೆಗೆ ಒಟ್ಟು ಎಷ್ಟು ಕೂಡಿಸಿ ಕೊಟ್ಟರು, ಎಷ್ಟು ವಾಪಸ್ ಬಂತು ಅಂತ ಅವರೇ ನೆನಪು ಮಾಡಿಕೊಂಡು ಬರೆಯಲಿ, ನೀವು ನೋಡುವುದೂ ಬೇಡ.

ಬೀಜದ ಬಗ್ಗೆ ಒಂದು ಮಾತು. ಹುರಿದ ಹುಣಸೆ ಬೀಜ ತರಬೇಡಿ, ಆಟ ಮುಗಿಯುವಷ್ಟರಲ್ಲಿ ಅರ್ಧ ಮಕ್ಕಳ ಬಾಯಿಗೆ ಹೋಗಿರುತ್ತದೆ, 240ರ ಲೆಕ್ಕ ತಾಳೆಯಾಗುವುದಿಲ್ಲ. ಅದು ಸಿಗದಿದ್ದರೆ ಒಣಗಿದ ಅವರೆಕಾಳು ಸಾಕು.